ಏಳು ಚಮಚದ ಪ್ಯಾರಾ

ಮುಂಬಯಿಯ ಪೂರ್ವ ಉಪನಗರದ ಒಂದು ಶಾಲೆಯಲ್ಲಿ ನಾನು ಜೂನಿಯರ್ ಕೆಜಿ ಟೀಚರ್. ಮಕ್ಕಳು ಇಪ್ಪತ್ತೆಂಟರ ಆಸುಪಾಸು. ಹೆಚ್ಚಿನವರು ನಮ್ಮ ಊರ ಕಡೆಯವರೇ. ಅಪ್ಪಂದಿರು ಹೋಟೆಲಿನಲ್ಲೋ ಕ್ಯಾಂಟೀನಿನಲ್ಲೋ ಇದ್ದಾರೆ. ಪ್ರತಿ ಜೂನ್‌ನಲ್ಲಿ ಪಾಲಕರಿಗೆ ಹೋಗುವ ನ್ಯೂಸ್‌ಲೆಟರಿನಲ್ಲಿ ಒಂದು ಪ್ಯಾರಾ ನನ್ನದು. ದೀಪಾವಳಿ ರಜೆಯವರೆಗೆ ನಾವು ಆಟದಿಂದಲೇ ಯಾಕೆ ಕಲಿಸುತ್ತೇವೆ ಅಂತ ಅದರಲ್ಲಿ ಹೇಳಬೇಕು. ಆ ಒಂದು ಪ್ಯಾರಾ ಸರಿಯಾಗಲು ನನಗೆ ನಾಲ್ಕು ವರ್ಷ ಹಿಡಿಯಿತು. ಜೊತೆಯ ಟೀಚರುಗಳು, “ಪಾಲಕರು ಅದನ್ನೆಲ್ಲ ಓದೋದಿಲ್ಲ, ಸುಮ್ನೆ ಯಾಕೆ ಕಷ್ಟಪಡ್ತೀರಿ” ಅನ್ನುತ್ತಿದ್ದರು. ಓದುತ್ತಾರೆ. ಈಗ ಅದಕ್ಕೆ ನನ್ನ ಹತ್ತಿರ ಪುರಾವೆ ಇದೆ.

ಮೊದಲ ವರ್ಷದ್ದು ಪೂರ್ತಿ ಸೋತಿತು. “ಕ್ರೀಡಾಧಾರಿತ ಕಲಿಕೆಯಿಂದ ಮಗುವಿನ ಸರ್ವಾಂಗೀಣ ಬೆಳವಣಿಗೆ” ಅಂತ ಶುರು ಮಾಡಿದ್ದೆ. ನಾವು ತರಬೇತಿಯಲ್ಲಿ ಕೇಳುವ ಮಾತೇ ಅದು, ಅಲ್ವಾ? ಒಂದೇ ವಾರದಲ್ಲಿ ಐದಾರು ತಾಯಂದಿರು ಗೇಟಿನಲ್ಲಿ ನಿಲ್ಲಿಸಿ ಕೇಳಿದರು, “ಟೀಚರ್, ಬರೀಲಿಕ್ಕೆ ಯಾವಾಗ ಕೊಡ್ತೀರಿ?” ಪ್ಯಾರಾ ಇದ್ದದ್ದೇ ಆ ಪ್ರಶ್ನೆಗೆ ಉತ್ತರ ಕೊಡಲು. ಓದಿದ ಮೇಲೂ ಅದೇ ಪ್ರಶ್ನೆ ಬಂದರೆ ಪ್ಯಾರಾ ಸೋತಿದೆ ಅಂತಲೇ ಲೆಕ್ಕ. ಇವತ್ತಿಗೂ ನನ್ನ ಅಳತೆಗೋಲು ಅದೊಂದೇ.

ಎರಡನೇ ವರ್ಷ ಸರ್ಕಾರದ ಹೆಸರು ಹಾಕಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಮೂರರಿಂದ ಎಂಟು ವರ್ಷದವರೆಗಿನ ಕಲಿಕೆಯನ್ನು ಒಂದೇ ಹಂತ ಅನ್ನುತ್ತದೆ, ಆಟಕ್ಕೆ ಮೊದಲ ಜಾಗ ಕೊಡುತ್ತದೆ ಅಂತೆಲ್ಲ ಬರೆದೆ. ಯಾರೂ ಎದುರು ಮಾತಾಡಲಿಲ್ಲ. ಆದರೆ ಆಗಸ್ಟ್‌ನಲ್ಲಿ ಇಬ್ಬರು ಮಕ್ಕಳು ಸಂಜೆ ಟ್ಯೂಷನ್‌ಗೆ ಹೋಗುತ್ತಿದ್ದಾರೆ ಅಂತ ಗೊತ್ತಾಯಿತು. ತಿಂಗಳಿಗೆ ಐನೂರೋ ಆರುನೂರೋ ಕೊಟ್ಟು ನಾಲ್ಕು ವರ್ಷದ ಮಗುವಿನ ಕೈಯಲ್ಲಿ ಅಆಇಈ ತಿದ್ದಿಸುತ್ತಿದ್ದರು. ಹೋಟೆಲಿನಲ್ಲಿ ದುಡಿದ ದುಡ್ಡು ಅದು. ನನಗೆ ತುಂಬಾ ಬೇಜಾರಾಯಿತು. ಪಾಲಕರು ನೀತಿಯನ್ನು ಒಪ್ಪಿದ್ದರು, ನನ್ನ ತರಗತಿಯನ್ನು ನಂಬಿರಲಿಲ್ಲ.

ಮೂರನೇ ವರ್ಷ ಫೋಟೋ ಹಾಕಿದೆ. ಕಲರ್ ಪ್ರಿಂಟ್‌ಗೆ ಒಂದಕ್ಕೆ ಹತ್ತು ರೂಪಾಯಿ, ಒಟ್ಟು ಮುನ್ನೂರರ ಹತ್ತಿರ ನನ್ನ ಕೈಯಿಂದಲೇ ಹೋಯಿತು. ಮಣ್ಣಾಡಿಕೊಂಡು ನಗುತ್ತಿದ್ದ ಮಕ್ಕಳ ಫೋಟೋ. ಒಬ್ಬ ತಂದೆ ನೋಡಿ, “ಪಿಕ್ನಿಕ್ ಚೆನ್ನಾಗಿತ್ತು ಟೀಚರ್” ಅಂದರು. ನಗು ಮಾತ್ರ ಕಂಡರೆ ಕಲಿಕೆ ಕಾಣುವುದಿಲ್ಲ. ಈಗ ಕಪ್ಪು-ಬಿಳಿ ಜೆರಾಕ್ಸ್ ಅಷ್ಟೇ, ಅರವತ್ತು ರೂಪಾಯಿ ಒಳಗೆ ಮುಗಿಯುತ್ತದೆ.

ದಾರಿ ಸಿಕ್ಕಿದ್ದು ಅದೇ ವರ್ಷ, ಒಬ್ಬ ಹುಡುಗನಿಂದ. ಅವನು ಐವತ್ತರವರೆಗೆ ತಡವರಿಸದೆ ಹೇಳುತ್ತಿದ್ದ. ಅಮ್ಮನಿಗೆ ಅದೇ ಹೆಮ್ಮೆ. “ಇವನಿಗೆ ಲೆಕ್ಕ ಬರ್ತದೆ, ನೀವು ಆಡಿಸ್ತಾ ಇದ್ದೀರಿ” ಅಂದರು. ನಾನು ವಾದ ಮಾಡಲಿಲ್ಲ. ಅವರ ಎದುರೇ ಬಾಟಲಿ ಮುಚ್ಚಳಗಳ ರಾಶಿ ಇಟ್ಟು, “ನನಗೆ ಏಳು ಕೊಡು” ಅಂದೆ. ಅವನು ಒಂದು, ಎರಡು, ಮೂರು ಅಂತ ಹೇಳುತ್ತಾ ಹನ್ನೆರಡು ಹದಿಮೂರು ಮುಚ್ಚಳ ನನ್ನ ಮಡಿಲಿಗೆ ಹಾಕಿದ. ಏಳಕ್ಕೆ ನಿಲ್ಲಲೇ ಇಲ್ಲ. ಅಮ್ಮ ಒಂದು ನಿಮಿಷ ಸುಮ್ಮನೆ ನೋಡಿದರು. ಆಮೇಲೆ, “ಹಾಗಾದರೆ ಇದನ್ನು ಹೇಗೆ ಕಲಿಸ್ತೀರಿ?” ಅಂತ ಕೇಳಿದರು. ಮೂರು ವರ್ಷ ನಾನು ಕಾಯುತ್ತಿದ್ದ ಪ್ರಶ್ನೆ ಅದು.

ಬಾಯಿಪಾಠದ ಎಣಿಕೆ ಒಂದು ಹಾಡಿನ ಹಾಗೆ, ಶುರುವಾದರೆ ಓಡುತ್ತದೆ. ಏಳಕ್ಕೆ ನಿಲ್ಲಬೇಕಾದರೆ ಕೊನೆಯಲ್ಲಿ ಹೇಳಿದ ಅಂಕಿಯೇ ಒಟ್ಟು ಎಷ್ಟು ಅನ್ನುವುದು ಮಗುವಿಗೆ ಹೊಳೆದಿರಬೇಕು. ಅದು ಬರುವುದು ಕೈಯಿಂದ. ನಾವು ಚೆನ್ನೆಮಣೆ ತಂದೆವು. ಒಂದು ಬದಿಗೆ ಏಳು ಗುಳಿ. ಗುಳಿಗೆ ಒಂದೊಂದೇ ಕಾಯಿ ಹಾಕುತ್ತಾ ಹೋದರೆ ಏಳನೆಯದರ ಆಚೆ ಜಾಗವೇ ಇಲ್ಲ. ಸೆಪ್ಟೆಂಬರ್ ಹೊತ್ತಿಗೆ ಆ ಹುಡುಗ ಗುಳಿ ಇಲ್ಲದೆಯೂ ಏಳಕ್ಕೆ ನಿಲ್ಲಿಸಿದ. ಗುಳಿಯ ಆಸರೆ ಬಿಡಿಸುವ ಹೊತ್ತಿಗೆ ನಾನು ಮಾಡುವ ಒಂದು ಸಣ್ಣ ಉಪಾಯ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ತರಗತಿಗೆ ಬಂದವರಿಗೆ ತೋರಿಸುತ್ತೇನೆ.

ನಾಲ್ಕನೇ ವರ್ಷ ಪ್ಯಾರಾ ಹೀಗಾಯಿತು:

“ಪ್ರಿಯ ಪಾಲಕರೇ, ದೀಪಾವಳಿ ರಜೆಯವರೆಗೆ ನಿಮ್ಮ ಮಗುವಿನ ಪುಸ್ತಕದಲ್ಲಿ ಬರವಣಿಗೆ ಕಾಣುವುದಿಲ್ಲ. ಅಲ್ಲಿಯವರೆಗೆ ಮಗು ಮಣ್ಣು ನಾದುತ್ತದೆ, ಎಣಿಸಿ ಹಂಚುತ್ತದೆ, ಕಥೆ ಕೇಳಿ ತಿರುಗಿ ಹೇಳುತ್ತದೆ. ನಾದಿದ ಬೆರಳಿಗೆ ಪೆನ್ಸಿಲ್ ಹಿಡಿಯುವ ಬಲ ಬರುತ್ತದೆ. ಹಂಚಿದ ಮಗುವಿಗೆ ಏಳು ಅಂದರೆ ಎಷ್ಟು ಎಂದು ತಿಳಿಯುತ್ತದೆ. ಇವತ್ತು ಮನೆಯಲ್ಲಿ ಹದಿನೈದು ಚಮಚ ಇಟ್ಟು ‘ನನಗೆ ಏಳು ಕೊಡು’ ಎನ್ನಿ. ಏಳಕ್ಕೆ ನಿಲ್ಲಿಸಿತೇ? ಕೆಳಗೆ ಬರೆದು ಕಳಿಸಿ. ರಜೆಗೆ ಮೊದಲು ಇನ್ನೊಮ್ಮೆ ಕೇಳಿ ನೋಡಿ. ರಜೆ ಮುಗಿದ ಮೇಲೆ, ಬೆರಳು ಸಿದ್ಧವಾದ ಮಕ್ಕಳಿಗೆ ಪೆನ್ಸಿಲ್ ಕೊಡುತ್ತೇವೆ.”

ಪುಸ್ತಕ ಖಾಲಿ ಇರುತ್ತದೆ ಅನ್ನುವುದನ್ನು ಮೊದಲ ಸಾಲಿನಲ್ಲೇ ಹೇಳಿದ್ದೇನೆ, ನೋಡಿ. ಹೆಡ್ ಮೇಡಂ ಅದನ್ನು ಕೊನೆಗೆ ಹಾಕಿ ಅಂದಿದ್ದರು. ನಾನು ಒಪ್ಪಲಿಲ್ಲ. ಪಾಲಕರು ಹೇಗೂ ಜುಲೈನಲ್ಲಿ ಪುಸ್ತಕ ತೆರೆದು ನೋಡುತ್ತಾರೆ. ನಾವೇ ಮೊದಲು ಹೇಳಿದರೆ ಅದು ನಮ್ಮ ಯೋಜನೆ, ಅವರೇ ಕಂಡುಹಿಡಿದರೆ ನಮ್ಮ ತಪ್ಪು. “ಆಟ” ಎಂಬ ಪದ ಪ್ಯಾರಾದಲ್ಲಿ ಎಲ್ಲೂ ಇಲ್ಲ. ನ್ಯೂಸ್‌ಲೆಟರಿನಲ್ಲಿ ಪ್ಯಾರಾದ ಮೇಲಿನ ತಲೆಬರಹದಲ್ಲಿ ಅದು ಒಮ್ಮೆ ಬರುತ್ತದೆ, ಅಷ್ಟು ಸಾಕು. “ಸಿದ್ಧವಾದ ಮಕ್ಕಳಿಗೆ” ಅನ್ನುವುದು ಆಮೇಲೆ ಸೇರಿಸಿದ್ದು. ಎಲ್ಲರಿಗೂ ಕೊಡುತ್ತೇವೆ ಅಂತ ಬರೆದು ಒಮ್ಮೆ ಪೇಚಿಗೆ ಸಿಕ್ಕಿದ್ದೆ, ಮೂವರ ಹಿಡಿತ ಇನ್ನೂ ಬಂದಿರಲಿಲ್ಲ.

ಚಮಚ ಬಂದದ್ದಕ್ಕೂ ಕಾರಣ ಇದೆ. ಮೊದಲ ಕರಡಿನಲ್ಲಿ ಹುಣಸೆ ಬೀಜ ಅಂತಿತ್ತು. ನಾಲ್ಕೈದು ಮನೆಗೆ ಮೊದಲೇ ಕೊಟ್ಟು ನೋಡಿದೆ. ಒಂದು ಮನೆಯಲ್ಲಿ ಮಗು ಬೀಜವನ್ನು ಮೂಗಿಗೆ ಹಾಕಿಕೊಂಡಿತು, ಡಾಕ್ಟರ ಹತ್ತಿರ ಓಡಬೇಕಾಯಿತು. ಮಗುವಿಗೆ ಏನೂ ಆಗಲಿಲ್ಲ, ಆದರೆ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮನೆಗೆ ಹೇಳುವ ವಸ್ತು ಮೂಗಿಗೂ ಬಾಯಿಗೂ ಹಿಡಿಯದಷ್ಟು ದೊಡ್ಡದಿರಬೇಕು. ಚಮಚ ಇಲ್ಲದಿದ್ದರೆ ಬಟಾಟೆಯೂ ಆಗುತ್ತದೆ.

ಮಣ್ಣಿನದು ಬೇರೆಯೇ ಕಥೆ. ಮೊದಲು ಮೈದಾ ಹಿಟ್ಟು ನಾದಿಸಿದೆ. ಜುಲೈ ಮಳೆಯಲ್ಲಿ ಎರಡೇ ದಿನಕ್ಕೆ ವಾಸನೆ. ಉಪ್ಪು ಜಾಸ್ತಿ ಹಾಕಿದರೆ ನಾಲ್ಕೈದು ದಿನ ಬರುತ್ತದೆ, ಆದರೆ ಕೈಯಲ್ಲಿ ಗಾಯ ಇದ್ದ ಮಕ್ಕಳು ಅಳುತ್ತಾರೆ. ಈಗ ಗಣಪತಿ ಮಾಡುವವರ ಹತ್ತಿರ ಶಾಡೂ ಮಣ್ಣು ತರುತ್ತೇನೆ. ಒದ್ದೆ ಬಟ್ಟೆ ಸುತ್ತಿಟ್ಟರೆ ತಿಂಗಳು ಬಾಳುತ್ತದೆ. ಮಕ್ಕಳು ಹಾವಿನ ಹಾಗೆ ಹೊಸೆದು, ಬಾಗಿಸಿ ‘ರ’ ಮಾಡುತ್ತಾರೆ. ಪೆನ್ಸಿಲ್ ಸಿಗುವ ಮೊದಲೇ ಆ ಬಾಗು ಕೈಗೆ ಗೊತ್ತಿರುತ್ತದೆ.

ಆ ವರ್ಷ ಇಪ್ಪತ್ತೆಂಟರಲ್ಲಿ ಇಪ್ಪತ್ತೊಂದೋ ಇಪ್ಪತ್ತೆರಡೋ ಚೀಟಿ ತಿರುಗಿ ಬಂದವು. ಹೋಟೆಲ್ ಮುಚ್ಚಿ ರಾತ್ರಿ ಮನೆಗೆ ಬರುವ ಅಪ್ಪಂದಿರೂ ಬೆಳಿಗ್ಗೆ ಮಗುವನ್ನು ಕೂರಿಸಿಕೊಂಡು ಕೇಳಿದ್ದರು. ಕನ್ನಡ ಓದಲು ಬಾರದ ಇಬ್ಬರು ತಾಯಂದಿರಿಗೆ ನಾನೇ ಓದಿ ವಾಟ್ಸಾಪ್‌ನಲ್ಲಿ ಧ್ವನಿ ಕಳಿಸಿದ್ದೆ, ಅವರ ಉತ್ತರವೂ ಧ್ವನಿಯಲ್ಲೇ ಬಂತು. ಆ ವರ್ಷ ಟ್ಯೂಷನ್‌ಗೆ ಯಾರೂ ಹೋದದ್ದು ನನಗೆ ತಿಳಿದಂತೆ ಇಲ್ಲ. ಅಕ್ಟೋಬರದಲ್ಲಿ ಗೇಟಿನ ಹತ್ತಿರ ಒಬ್ಬ ತಾಯಿ ನಿಲ್ಲಿಸಿದರು. “ಟೀಚರ್, ಏಳು ಸರಿಯಾಗಿ ಕೊಡ್ತಾಳೆ. ಒಂಬತ್ತು ಕೇಳಿದ್ರೆ ಹತ್ತು ಕೊಡ್ತಾಳೆ. ಚೆನ್ನೆಮಣೆ ಊರಿಂದ ತರಿಸ್ಲಾ?”