ಯಾವ ಲಸಿಕೆ ಬಾಕಿ, ಯಾವುದು ತಡ? ತಾಯಿ ಕಾರ್ಡ್ ನೋಡಿ ಲೆಕ್ಕ ಹಾಕುವ ಕ್ರಮ

ತಾಯಿ ಕಾರ್ಡ್‌ನಲ್ಲಿ ಲಸಿಕೆಗಳು ಹುಟ್ಟಿದಾಗ, 6 ವಾರ, 10 ವಾರ, 14 ವಾರ, 9 ತಿಂಗಳು ಎಂಬ ಕಂತುಗಳಲ್ಲಿರುತ್ತವೆ. ಎಲ್ಲವೂ ಹೊತ್ತಿಗೆ ಸರಿಯಾಗಿ ನಡೆದರೆ ಇದರಲ್ಲಿ ಗೊಂದಲವಿಲ್ಲ. ಒಂದು ಕಂತು ತಪ್ಪಿದರೆ ಮಾತ್ರ ಕಂತಿನ ಲೆಕ್ಕ ಕೈಕೊಡುತ್ತದೆ. ಬಾಣಂತನಕ್ಕೆ ತವರಿಗೆ ಹೋಗಿ ಬೆಂಗಳೂರಿಗೆ ಮರಳುವ ಮಕ್ಕಳಲ್ಲಿ ಇದು ಮತ್ತೆ ಮತ್ತೆ ಆಗುವಂಥದ್ದು. ಆಗ ಕಂತನ್ನು ಬಿಟ್ಟು ಒಂದೊಂದು ಲಸಿಕೆಯನ್ನೂ ಬೇರೆಬೇರೆಯಾಗಿ ನೋಡಬೇಕು.

ಒಂದು ಉದಾಹರಣೆ ನೋಡೋಣ. ಮಗು ಹುಟ್ಟಿದ್ದು 12 ಜನವರಿ 2025, ಬೆಂಗಳೂರಿನ ಆಸ್ಪತ್ರೆಯಲ್ಲಿ. ಮರುದಿನ ಬಿಸಿಜಿ ಮತ್ತು ಪೋಲಿಯೊ ಹನಿ ಆಗಿದೆ. ಹೆಪಟೈಟಿಸ್ ಬಿ ಜಾಗ ಖಾಲಿ. ಫೆಬ್ರವರಿ 27ರಂದು ಹಾಸನದಲ್ಲಿ 6 ವಾರದ ಲಸಿಕೆಗಳೆಲ್ಲ ಆಗಿವೆ: ಐದು ಕಾಯಿಲೆಗಳಿಗೆ ಒಂದೇ ಚುಚ್ಚುಮದ್ದಾದ ಪೆಂಟಾ, ಪೋಲಿಯೊ ಹನಿ, ಭೇದಿ ತಡೆಯುವ ರೋಟಾ, ನ್ಯುಮೋನಿಯಾ ತಡೆಯುವ ಪಿಸಿವಿ ಮತ್ತು ತೋಳಿಗೆ ಕೊಡುವ ಪೋಲಿಯೊ ಚುಚ್ಚುಮದ್ದು ಎಫ್‌ಐಪಿವಿ. ಆಮೇಲೆ ಬೆಂಗಳೂರಿಗೆ ಬಂದು, ಮೇ 12ರಂದು ಪೆಂಟಾ, ಪೋಲಿಯೊ ಹನಿ, ರೋಟಾದ ಎರಡನೇ ಡೋಸ್ ಹಾಕಿಸಿದ್ದಾರೆ. ಇವತ್ತು ಜೂನ್ 2 ಎಂದುಕೊಳ್ಳಿ. ಏನೇನು ಉಳಿದಿದೆ?

ಮೊದಲು ದಿನಾಂಕ, ಆಮೇಲೆ ಟಿಕ್

ಕಾರ್ಡ್‌ನಲ್ಲಿ ಬರೀ ಟಿಕ್ ಇದ್ದು ದಿನಾಂಕ ಇಲ್ಲದಿದ್ದರೆ ಲೆಕ್ಕ ಮುಂದೆ ಹೋಗುವುದಿಲ್ಲ. ಲಸಿಕೆ ಹಾಕಿದ ಕೇಂದ್ರದ ರಿಜಿಸ್ಟರ್‌ನಲ್ಲಿ ಅಥವಾ ಸರ್ಕಾರದ ಆನ್‌ಲೈನ್ ಲಸಿಕೆ ವ್ಯವಸ್ಥೆಯಾದ ಯು-ವಿನ್ ದಾಖಲೆಯಲ್ಲಿ ದಿನಾಂಕ ಹುಡುಕಿಸಿ ಬರೆಸಿಕೊಳ್ಳಿ. ಪಲ್ಸ್ ಪೋಲಿಯೊ ಭಾನುವಾರ ಬೂತ್‌ನಲ್ಲಿ ಹಾಕಿಸಿದ ಹನಿಯನ್ನು ಈ ಪಟ್ಟಿಗೆ ಸೇರಿಸಬೇಡಿ. ಅದು ಹೆಚ್ಚುವರಿ ಡೋಸ್. ಕಾರ್ಡ್‌ನ ಡೋಸ್‌ಗೆ ಬದಲಿಯಲ್ಲ.

ಪ್ರತಿ ಡೋಸ್‌ಗೂ ಎರಡು ದಿನಾಂಕ

ಡೋಸ್ ಕೊಡಲು ಮಗುವಿಗೆ ಇಷ್ಟು ವಯಸ್ಸಾಗಿರಬೇಕು ಎಂಬುದು ಒಂದು ಷರತ್ತು. ಅದೇ ಲಸಿಕೆಯ ಹಿಂದಿನ ಡೋಸ್ ಆಗಿ ಇಷ್ಟು ದಿನ ಕಳೆದಿರಬೇಕು ಎಂಬುದು ಇನ್ನೊಂದು. ಎರಡರಲ್ಲಿ ಯಾವುದು ನಂತರ ಬರುತ್ತದೋ ಅದೇ ಹಾಕಿಸಬೇಕಾದ ದಿನ. ಪೆಂಟಾ, ಪೋಲಿಯೊ ಹನಿ, ರೋಟಾ ಮೂರಕ್ಕೂ ಡೋಸ್‌ಗಳ ನಡುವೆ ಕನಿಷ್ಠ 4 ವಾರ ಬೇಕು. ಪಿಸಿವಿ ಮತ್ತು ಎಫ್‌ಐಪಿವಿಯ ಎರಡನೇ ಡೋಸ್ ಇರುವುದೇ 14ನೇ ವಾರದಲ್ಲಿ. ಮೊದಲನೆಯದಕ್ಕೂ ಅದಕ್ಕೂ 8 ವಾರದ ಅಂತರವಿರಬೇಕು.

ನಮ್ಮ ಮಗುವಿನ ಪೆಂಟಾ ಮೂರನೇ ಡೋಸ್ ನೋಡಿ. ವಯಸ್ಸಿನ ಪ್ರಕಾರ 14 ವಾರ ತುಂಬಿದ್ದು ಏಪ್ರಿಲ್ 20ಕ್ಕೆ. ಅಂತರದ ಪ್ರಕಾರ ಮೇ 12ಕ್ಕೆ 28 ದಿನ ಕೂಡಿಸಿದರೆ ಜೂನ್ 9. ಹಾಗಾಗಿ ಜೂನ್ 2ರಂದು ಇದು ತಡವಾಗಿಲ್ಲ, ಬಾಕಿಯೂ ಅಲ್ಲ. ಇನ್ನೊಂದು ವಾರ ಕಾಯಬೇಕು. ಅವಸರಪಟ್ಟು ಹಾಕಿಸಿದರೆ ಕನಿಷ್ಠ ಅಂತರ ತಪ್ಪುತ್ತದೆ.

ಈಗ ಪಿಸಿವಿ. ಫೆಬ್ರವರಿ 27ಕ್ಕೆ 56 ದಿನ ಕೂಡಿಸಿದರೆ ಏಪ್ರಿಲ್ 24. ಎಫ್‌ಐಪಿವಿಯದೂ ಅದೇ ದಿನ. ಅಂದರೆ ಮೇ 12ರಂದು ಮಗು ಕೇಂದ್ರಕ್ಕೆ ಬಂದಾಗಲೇ ಇವೆರಡನ್ನೂ ಕೊಡಬಹುದಿತ್ತು. ಆದರೆ ‘ಇದು 10 ವಾರದ ಕಂತು’ ಎಂದು ಕಾರ್ಡ್‌ನ ಆ ಕಂತಿನಲ್ಲಿ ಇದ್ದಷ್ಟನ್ನೇ ಹಾಕಿದ್ದಾರೆ. ತಡವಾದ ಮಕ್ಕಳಲ್ಲಿ ಎಚ್ಚರಿಕೆಯಿಂದ ಹುಡುಕಬೇಕಾದ ತಪ್ಪು ಇದೇ. ಆ ದಿನ ಮಗುವಿಗೆ 120 ದಿನ ತುಂಬಿತ್ತು. ಪೆಂಟಾ ಎಡ ತೊಡೆಗೆ, ಪಿಸಿವಿ ಬಲ ತೊಡೆಗೆ, ಎಫ್‌ಐಪಿವಿ ಬಲ ತೋಳಿಗೆ ಒಂದೇ ದಿನ ಆಗಬಹುದಿತ್ತು. ಈಗ ಪೆಂಟಾಕ್ಕೆ ಕಾಯಬೇಕು, ಪಿಸಿವಿ ಮತ್ತು ಎಫ್‌ಐಪಿವಿ ಮಾತ್ರ 39 ದಿನ ಹಿಂದೆ ಬಿದ್ದಿವೆ.

ಬಾಕಿ, ತಡ, ಪೂರ್ಣ

ಹಾಕಿಸಬೇಕಾದ ದಿನ ಬಂದರೆ ‘ಬಾಕಿ’, ಅದಾಗಿ 28 ದಿನ ಕಳೆದರೆ ‘ತಡ’ ಎಂದು ಬರೆದುಕೊಳ್ಳುವುದು ಮನೆಯ ಲೆಕ್ಕಕ್ಕೆ ಅನುಕೂಲ. ಇದು ಸರ್ಕಾರದ ನಿಯಮವಲ್ಲ, ಯಾವುದನ್ನು ಮೊದಲು ಕೇಳಬೇಕೆಂದು ತಿಳಿಯಲು ಇಟ್ಟುಕೊಂಡ ಗೆರೆ. ಕೊನೆಯ ಡೋಸ್ ಸರಿಯಾದ ವಯಸ್ಸಿನಲ್ಲಿ, ಸರಿಯಾದ ಅಂತರದಲ್ಲಿ ಆಗಿದ್ದರೆ ಮಾತ್ರ ಆ ಲಸಿಕೆ ‘ಪೂರ್ಣ’. ಎಷ್ಟೇ ತಡವಾದರೂ ಮೊದಲ ಡೋಸ್‌ನಿಂದ ಮತ್ತೆ ಶುರು ಮಾಡುವುದಿಲ್ಲ, ನಿಂತಲ್ಲಿಂದ ಮುಂದುವರಿಸುತ್ತಾರೆ.

ನಾಲ್ಕನೇ ಉತ್ತರವೂ ಒಂದಿದೆ: ಅವಧಿ ಮುಗಿದಿದೆ. ಹುಟ್ಟಿದಾಗಿನ ಹೆಪಟೈಟಿಸ್ ಬಿ ಡೋಸ್‌ಗೆ 24 ಗಂಟೆ, ಹುಟ್ಟಿದಾಗಿನ ಪೋಲಿಯೊ ಹನಿಗೆ 15 ದಿನ ಗಡುವು. ನಮ್ಮ ಮಗುವಿನ ಹೆಪಟೈಟಿಸ್ ಬಿ ಜಾಗವನ್ನು ‘ತಡ’ ಎಂದು ಬರೆದರೆ ಅದು ಎಂದಿಗೂ ಅಳಿಸದ ಸಾಲವಾಗಿ ಉಳಿಯುತ್ತದೆ. ಪೆಂಟಾದಲ್ಲೇ ಹೆಪಟೈಟಿಸ್ ಬಿ ಇರುವುದರಿಂದ ಮುಂದಿನ ರಕ್ಷಣೆ ಅದರಿಂದ ಬರುತ್ತದೆ. ಬೇರೆ ಲಸಿಕೆಗಳಿಗೂ ಮಿತಿಯಿದೆ: ಬಿಸಿಜಿಗೆ ಒಂದು ವರ್ಷ, ಪೆಂಟಾ ಮತ್ತು ರೋಟಾದ ಮೊದಲ ಡೋಸ್ ಒಂದು ವರ್ಷದೊಳಗೆ ಆಗಿರಬೇಕು, ಶುರುವಾಗಿದ್ದರೆ ಆಮೇಲೂ ಮುಗಿಸುತ್ತಾರೆ.

ಶೀಟ್‌ನಲ್ಲಿ ಮಾಡುವುದಾದರೆ

ಗೂಗಲ್ ಶೀಟ್ಸ್‌ನ `B1`ನಲ್ಲಿ ಹುಟ್ಟಿದ ದಿನ, `C` ಕಾಲಮ್‌ನಲ್ಲಿ ಡೋಸ್ ಹಾಕಿದ ದಿನ ಬರೆಯಿರಿ. ಪೆಂಟಾ ಎರಡು 5ನೇ ಸಾಲಿನಲ್ಲಿ, ಮೂರು 6ನೇ ಸಾಲಿನಲ್ಲಿ ಇದೆ ಎಂದುಕೊಂಡರೆ `D6`ಗೆ ಹಾಕಿಸಬೇಕಾದ ದಿನ, `E6`ಗೆ ಉತ್ತರ:

```
=IF(C5="","",MAX($B$1+98,C5+28))
=IF(C6<>"",IF(C6<D6,"ಬೇಗ","ಪೂರ್ಣ"),IF(TODAY()<D6,"ಕಾಯಿರಿ",IF(TODAY()<=D6+28,"ಬಾಕಿ","ತಡ")))
```

ಮೊದಲ ಸೂತ್ರದಲ್ಲಿ `C5=""` ಎಂಬ ತಪಾಸಣೆ ಬಿಡಬೇಡಿ. ಬಿಟ್ಟರೆ ಶೀಟ್ ಖಾಲಿ ಜಾಗವನ್ನು ಸೊನ್ನೆ ಎಂದು ಓದಿ, ಎರಡನೇ ಡೋಸೇ ಆಗದ ಮಗುವಿಗೂ ಮೂರನೆಯದು ಬಾಕಿ ಎಂದು ತೋರಿಸುತ್ತದೆ. ‘ಬೇಗ’ ಎಂದು ಬಂದ ಡೋಸನ್ನು ನೀವೇ ತೀರ್ಮಾನಿಸದೆ ಸಿಸ್ಟರ್ ಅಥವಾ ವೈದ್ಯರಿಗೆ ತೋರಿಸಿ.

ಹೆಚ್ಚು ಕಾಟ ಕೊಡುವುದು ದಿನಾಂಕ. ಶೀಟ್ ಅಮೆರಿಕದ ಕ್ರಮದಲ್ಲಿದ್ದರೆ 12/05/2025 ಎಂಬುದು ಡಿಸೆಂಬರ್ 5 ಆಗುತ್ತದೆ. 27/02/2025 ದಿನಾಂಕವೇ ಆಗದೆ ಅಕ್ಷರವಾಗಿ ಉಳಿದು, ಸೆಲ್‌ನ ಎಡಕ್ಕೆ ಅಂಟಿಕೊಳ್ಳುತ್ತದೆ, ಅದೇ ಗುರುತು. `File` ಮೆನುವಿನ `Settings`ನಲ್ಲಿ `Locale` ಅನ್ನು `India` ಮಾಡಿ, ದಿನಾಂಕಗಳನ್ನು ಮತ್ತೆ ಟೈಪ್ ಮಾಡಿ.

ದಡಾರ-ರುಬೆಲ್ಲಾ ಲಸಿಕೆಯಾದ ಎಂಆರ್‌ಗೆ ಮಾತ್ರ ದಿನ ಎಣಿಸಬೇಡಿ. 9 ತಿಂಗಳು ತುಂಬಿರಬೇಕು ಎಂದರೆ ಕ್ಯಾಲೆಂಡರ್ ತಿಂಗಳು. ನಮ್ಮ ಮಗುವಿಗೆ ಅದು 12 ಅಕ್ಟೋಬರ್ 2025. ತಿಂಗಳಿಗೆ ನಾಲ್ಕೇ ವಾರ ಎಂದು 36 ವಾರ ಲೆಕ್ಕ ಹಾಕಿದರೆ ಸೆಪ್ಟೆಂಬರ್ 21 ಬರುತ್ತದೆ, ಮೂರು ವಾರ ಮುಂಚೆ. ಶೀಟ್‌ನಲ್ಲಿ `=EDATE($B$1,9)` ಬಳಸಿ.

ಕೇಂದ್ರಕ್ಕೆ ಹೋದಾಗ

ನಮ್ಮ ಮಗುವಿನ ಉತ್ತರ ಹೀಗಿದೆ: ಬಿಸಿಜಿ ಪೂರ್ಣ, ಪಿಸಿವಿ ಎರಡು, ಎಫ್‌ಐಪಿವಿ ಎರಡು ತಡ, ಪೆಂಟಾ, ರೋಟಾ ಮತ್ತು ಪೋಲಿಯೊ ಹನಿಯ ಮೂರನೇ ಡೋಸ್‌ಗೆ ಜೂನ್ 9ರ ತನಕ ಕಾಯಬೇಕು. ಹತ್ತಿರದ ನಗರ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಲಸಿಕೆಯ ದಿನ ಯಾವಾಗ ಎಂದು ಕೇಳಿ. ಅದು ಜೂನ್ 9ಕ್ಕಿಂತ ಮೊದಲು ಬಂದರೆ ತಡವಾದ ಎರಡನ್ನೂ ಹಾಕಿಸಿ, ಉಳಿದದ್ದಕ್ಕೆ ಮತ್ತೊಮ್ಮೆ ಹೋಗಿ. 9ರ ನಂತರವೇ ಇದ್ದರೆ ಐದನ್ನೂ ಒಂದೇ ಸಲ ಹಾಕಿಸಬಹುದೇ ಎಂದು ಕೇಳಿ. ‘ಈ ಕಂತಿಗೆ ಏನಿದೆ’ ಎಂದು ಕೇಳಿದರೆ ಮೇ 12ರ ತಪ್ಪೇ ಮರುಕಳಿಸಬಹುದು.

ಖಾಸಗಿ ಕ್ಲಿನಿಕ್‌ನಲ್ಲಿ ಪೆಂಟಾ ಮತ್ತು ಪೋಲಿಯೊ ಚುಚ್ಚುಮದ್ದು ಒಂದರಲ್ಲೇ ಇರುವ ಹೆಕ್ಸಾ ಒಂದು ಡೋಸ್ ಆಗಿದ್ದರೆ ಅದೇ ದಿನಾಂಕವನ್ನು ಪೆಂಟಾ ಮತ್ತು ಪೋಲಿಯೊ ಚುಚ್ಚುಮದ್ದು ಎರಡೂ ಸಾಲಿನಲ್ಲಿ ಬರೆಯಿರಿ, ಪಕ್ಕದಲ್ಲಿ ‘ಹೆಕ್ಸಾ’ ಎಂದು ಗುರುತಿಸಿ. ಹೆಕ್ಸಾದ ಪೋಲಿಯೊ ಭಾಗ ತೊಡೆಗೆ ಹೋಗುವ ಪೂರ್ತಿ ಡೋಸ್, ಎಫ್‌ಐಪಿವಿ ತೋಳಿನ ಚರ್ಮಕ್ಕೆ ಕೊಡುವ ಐದನೇ ಒಂದು ಭಾಗ. ಮುಂದಿನದನ್ನು ಯಾವಾಗ, ಎಷ್ಟು ಕೊಡಬೇಕೆಂದು ಸಿಸ್ಟರ್ ಆ ಗುರುತು ನೋಡಿಯೇ ಹೇಳಬೇಕಾಗುತ್ತದೆ.