ಅಳಿಸಿದ ಫೋಟೊ ಮರಳಿ ಬೇಕೆ? ಮೊದಲು ಡಿಸ್ಕ್‌ಗೆ ಬರೆಯುವುದನ್ನು ನಿಲ್ಲಿಸಿ

ಫೈಲ್ ಕಳೆದುಕೊಂಡವರಲ್ಲಿ ಹೆಚ್ಚಿನವರು ಮಾಡುವ ಮೊದಲ ಕೆಲಸವೇ ಉಳಿದಿದ್ದನ್ನೂ ಕೆಡಿಸುತ್ತದೆ. ಮರುಪಡೆಯುವ ತಂತ್ರಾಂಶವನ್ನು ಹುಡುಕಿ, ಅದೇ ಡಿಸ್ಕ್‌ಗೆ ಇಳಿಸಿಕೊಳ್ಳುತ್ತಾರೆ.

`D:` ಡ್ರೈವ್‌ನಿಂದ 6 ಎಂಬಿಯ ಮದುವೆ ಫೋಟೊವೊಂದನ್ನು `Shift+Delete` ಒತ್ತಿ ಅಳಿಸಿದಿರಿ ಎನ್ನೋಣ. ವಿಂಡೋಸ್‌ನ ಎನ್‌ಟಿಎಫ್‌ಎಸ್ ವ್ಯವಸ್ಥೆಯಲ್ಲಿ ಆ ಚಿತ್ರ ಸಾಮಾನ್ಯವಾಗಿ 4 ಕೆಬಿಯ 1,536 ತುಂಡುಗಳಲ್ಲಿ ಕೂತಿರುತ್ತದೆ. ಅಳಿಸಿದಾಗ ಅವುಗಳನ್ನು ಯಾರೂ ಮುಟ್ಟುವುದಿಲ್ಲ. ಫೈಲ್‌ಗಳ ಪಟ್ಟಿಯಲ್ಲಿ ‘ಈ ದಾಖಲೆ ಬಳಕೆಯಲ್ಲಿಲ್ಲ’ ಎಂಬ ಗುರುತು ಬೀಳುತ್ತದೆ, ಆ ಜಾಗ ಖಾಲಿಯ ಲೆಕ್ಕಕ್ಕೆ ಸೇರುತ್ತದೆ, ಅಷ್ಟೇ. ಪಹಣಿಯಲ್ಲಿ ಹೆಸರು ಹೊಡೆದುಹಾಕಿದರೂ ಹೊಲದಲ್ಲಿ ಬೆಳೆ ನಿಂತೇ ಇರುವಂತೆ. ಆದರೆ ಆ ಜಾಗಕ್ಕೆ ಹೊಸ ಫೈಲ್ ಒಮ್ಮೆ ಬಂದು ಕೂತರೆ ಹಳೆಯದು ಹೋದಂತೆಯೇ. ಈಗಿನ ಡಿಸ್ಕ್‌ಗಳಲ್ಲಿ ಅದನ್ನು ಯಾವ ತಂತ್ರಾಂಶವೂ ಮರಳಿ ತರಲಾರದು.

ಹಂತ 1: ಡಿಸ್ಕ್ ಯಾವ ಬಗೆಯದೆಂದು ತಿಳಿಯಿರಿ. ಮೇಲೆ ಹೇಳಿದ್ದೆಲ್ಲ ತಿರುಗುವ ಹಾರ್ಡ್ ಡಿಸ್ಕ್‌ನ ಮಾತು. ಎಸ್‌ಎಸ್‌ಡಿ ಆದರೆ ವಿಂಡೋಸ್ ‘ಟ್ರಿಮ್’ ಆದೇಶ ಕಳುಹಿಸಿ, ಖಾಲಿಯಾದ ಜಾಗವನ್ನು ತಿಳಿಸಿಬಿಡುತ್ತದೆ. ಆಮೇಲೆ ಅಲ್ಲಿ ಓದಿದರೆ ಬಹುತೇಕ ಬರೀ ಸೊನ್ನೆಗಳೇ ಸಿಗುತ್ತವೆ. ಅಂಥವರು ಬ್ಯಾಕಪ್ ಹುಡುಕುವುದೇ ಒಳ್ಳೆಯದು.

ಹಂತ 2: ನಿಲ್ಲಿಸಿ. ಎಡವುವುದು ಇಲ್ಲಿಯೇ. ಫೋಟೊ `C:` ನಲ್ಲಿದ್ದರೆ ಕಂಪ್ಯೂಟರನ್ನು ಕೂಡಲೇ ಆರಿಸಿ. ನೀವು ಸುಮ್ಮನೆ ಕೂತಿದ್ದರೂ ಬ್ರೌಸರ್, ಅಪ್‌ಡೇಟ್‌ಗಳು ಅಲ್ಲಿ ಬರೆಯುತ್ತಲೇ ಇರುತ್ತವೆ. `D:` ನಲ್ಲಿದ್ದರೆ ಸ್ವಲ್ಪ ಉಸಿರಾಡಬಹುದು, ಏಕೆಂದರೆ `C:` ಗೆ ಬರೆದದ್ದು ಆ ವಿಭಾಗವನ್ನು ಮುಟ್ಟುವುದಿಲ್ಲ. ಆದರೂ ಅಲ್ಲಿಗೆ ಒಂದು ಹಾಡನ್ನೂ ನಕಲಿಸಬೇಡಿ. ಫಾರ್ಮ್ಯಾಟ್ ಮಾಡಿ ಎಂದು ವಿಂಡೋಸ್ ಕೇಳಿದರೆ ಬೇಡವೆನ್ನಿ. `chkdsk` ಓಡಿಸಿ ಸರಿಪಡಿಸಲು ಹೋಗಬೇಡಿ, ಅದೂ ಡಿಸ್ಕ್‌ಗೆ ಬರೆಯುತ್ತದೆ.

ಹಂತ 3: ಡಿಸ್ಕನ್ನು ಬಿಚ್ಚಿ ಬೇರೆ ಕಂಪ್ಯೂಟರ್‌ಗೆ ಜೋಡಿಸಿ, ಇನ್ನೊಂದು ದೊಡ್ಡ ಡಿಸ್ಕ್‌ಗೆ ಪೂರ್ತಿ ಪ್ರತಿ ತೆಗೆಯಿರಿ. ಲಿನಕ್ಸ್‌ನಲ್ಲಿ ಆ ದೊಡ್ಡ ಡಿಸ್ಕ್‌ನ ಫೋಲ್ಡರ್‌ನೊಳಗೆ ನಿಂತು ಹೀಗೆ (`sdb1` ಇರುವಲ್ಲಿ ನಿಮ್ಮ ವಿಭಾಗದ ಹೆಸರು):

```
sudo ddrescue /dev/sdb1 copy.img copy.map
```

ಡಿಸ್ಕ್ ಕಟಕಟ ಸದ್ದು ಮಾಡುತ್ತಿದ್ದರೆ ಇದನ್ನೂ ಮಾಡದೆ ಪರಿಣತರಿಗೆ ಕೊಡಿ.

ಹಂತ 4: ಆ ಪ್ರತಿಯ ಮೇಲೆ ಟೆಸ್ಟ್‌ಡಿಸ್ಕ್ ಓಡಿಸಿ, ಪಟ್ಟಿಯ ದಾಖಲೆ ಉಳಿದಿದ್ದರೆ ಹೆಸರಿನ ಸಮೇತ ಸಿಗುತ್ತದೆ. ಇಲ್ಲದಿದ್ದರೆ ಫೋಟೊರೆಕ್, ಅದು ಚಿತ್ರದ ಆರಂಭದ ಗುರುತನ್ನೇ ಹುಡುಕುತ್ತದೆ, ಹೆಸರು ಮಾತ್ರ ಹೋಗಿರುತ್ತದೆ. ಎರಡೂ ಉಚಿತ. ‘ನೂರಕ್ಕೆ ನೂರು ಖಾತರಿ’ ಎನ್ನುವ ತಂತ್ರಾಂಶಗಳಿಗೆ ಹಣ ಸುರಿಯಬೇಡಿ.

ಹಂತ 5: ಪ್ರತಿ ಚಿತ್ರವನ್ನೂ ಪೂರ್ತಿ ತೆರೆದು ನೋಡಿ. ಹೆಸರು, ಗಾತ್ರ ಸರಿಯಿದ್ದೂ ಒಳಗೆ ಬೇರೆಯದೇ ಮಾಹಿತಿ ಇರಬಹುದು. ಕಿರುಚಿತ್ರವನ್ನೂ ನಂಬಬೇಡಿ, ಅದು ಫೈಲಿನ ಆರಂಭದಲ್ಲೇ ಇರುವುದರಿಂದ ಉಳಿದ ಭಾಗ ಅಳಿದಿದ್ದರೂ ಚೆನ್ನಾಗಿಯೇ ಕಾಣಬಹುದು. ಮೇಲರ್ಧ ಸರಿಯಾಗಿ, ಕೆಳಗೆ ಬೂದುಬಣ್ಣ ಬಂದರೆ ಕೊನೆಯ ತುಂಡುಗಳ ಮೇಲೆ ಬೇರೇನೋ ಬರೆಯಲ್ಪಟ್ಟಿದೆ, ಇಲ್ಲವೇ ಅವು ಡಿಸ್ಕ್‌ನ ಬೇರೆಡೆ ಚದುರಿವೆ. ಚದುರಿದ್ದರೆ ಇನ್ನೊಂದು ತಂತ್ರಾಂಶಕ್ಕೆ ಸಿಕ್ಕೀತು. ಹಾಗಾಗಿ `copy.img` ಅನ್ನು ಅಲ್ಲಿಯವರೆಗೂ ಅಳಿಸಬೇಡಿ.