ವೇಯ್ಟಿಂಗ್ ಲಿಸ್ಟ್ 38: ಹನ್ನೆರಡು ದಿನದ ಸ್ಕ್ರೀನ್‌ಶಾಟ್ ಲೆಕ್ಕ

ಮದುವೆಗೆಂದು ಬೆಂಗಳೂರಿನಿಂದ ಬೆಳಗಾವಿಗೆ ರೈಲಿನ ಸ್ಲೀಪರ್ ಟಿಕೆಟ್ ಮಾಡಿದೆ. ಪ್ರಯಾಣಕ್ಕೆ ಹನ್ನೆರಡು ದಿನ ಇತ್ತು. ಪರದೆಯ ಮೇಲೆ `GNWL52/WL38`. ಅಂದರೆ ಸಾಮಾನ್ಯ ವೇಯ್ಟಿಂಗ್ ಸಾಲಿಗೆ ಈವರೆಗೆ ಸೇರಿದವರು 52, ಈಗ ಸಾಲಿನಲ್ಲಿ ಉಳಿದವರು 38. ಸ್ಕ್ರೀನ್‌ಶಾಟ್ ತೆಗೆದಿಟ್ಟೆ.

ಮಾರನೇ ದಿನ ಅದೇ ರೈಲು ತೆರೆದು ನೋಡಿದರೆ `GNWL61/WL45`. "ಏನೋ ಇದು, ಏರ್ತಾ ಇದೆ!" ಅಂದರು ಅಪ್ಪ. ಏರಿದ್ದು ನಮ್ಮ ನಂಬರ್ ಅಲ್ಲ, ಸಾಲಿನ ಬಾಲ. ಮೊದಲ ಸಂಖ್ಯೆ 52ರಿಂದ 61 ಆಗಿದೆ, ಅಂದರೆ ಒಂಬತ್ತು ಜನ ಹೊಸದಾಗಿ ಸೇರಿದ್ದಾರೆ. ಆದರೆ ಸಾಲು ಬೆಳೆದಿದ್ದು ಏಳು ಮಾತ್ರ. ಹಾಗಾದರೆ ಎರಡು ಟಿಕೆಟ್ ಕ್ಯಾನ್ಸಲ್ ಆಗಿವೆ.

ಆ ಎರಡೂ ನಮಗೆ ಲಾಭವೇ? ನಮ್ಮ ಹಿಂದೆ ನಿಂತವರು ಕ್ಯಾನ್ಸಲ್ ಮಾಡಿದರೆ ನಮಗೇನೂ ಸಿಗಲ್ಲ. ಅದಕ್ಕೇ ಪಿಎನ್‌ಆರ್ ಸ್ಟೇಟಸ್ ತೆಗೆದೆ. ಅಲ್ಲಿ 38 ಇದ್ದದ್ದು 37 ಆಗಿತ್ತು. ಒಂದು ನಮ್ಮ ಮುಂದಿನದು, ಇನ್ನೊಂದು ಹಿಂದಿನದು. ಅಂದಿನಿಂದ ಸೀಟು ಹುಡುಕುವ ಪರದೆ ಬಿಟ್ಟು, ದಿನಾ ರಾತ್ರಿ ಪಿಎನ್‌ಆರ್ ಪರದೆಯದ್ದೇ ಸ್ಕ್ರೀನ್‌ಶಾಟ್ ಇಟ್ಟುಕೊಂಡೆ. ರಾತ್ರಿ ಒಂದೇ ಹೊತ್ತಿಗೆ ತೆಗೆಯಬೇಕು, ಇಲ್ಲದಿದ್ದರೆ ದಿನದ ಲೆಕ್ಕ ತಪ್ಪುತ್ತೆ.

ನಾಲ್ಕು ದಿನ ಉಳಿದಾಗ 22ಕ್ಕೆ ಬಂದಿತ್ತು. ಎಂಟು ದಿನಕ್ಕೆ ಹದಿನಾರು, ದಿನಕ್ಕೆ ಎರಡು. ಹೀಗೇ ಗುಣಿಸಿದರೆ ಕೊನೆಗೂ 14ರಲ್ಲೇ ನಿಲ್ಲಬೇಕು. ಆದರೆ ಒಂದು ಸ್ಕ್ರೀನ್‌ಶಾಟ್‌ನಲ್ಲಿ ಒಮ್ಮೆಗೇ ಐದು ಇಳಿದಿತ್ತು. ಬಹುಶಃ ಯಾವುದೋ ಕುಟುಂಬ ಒಂದೇ ಪಿಎನ್‌ಆರ್ ಕ್ಯಾನ್ಸಲ್ ಮಾಡಿದ್ದು. ಅದು ದಿನಾ ಆಗುವ ಮಾತಲ್ಲ, ಅದನ್ನು ತೆಗೆದರೆ ವೇಗ ದಿನಕ್ಕೆ ಒಂದೂವರೆಗೂ ಕಮ್ಮಿ. ಆದರೂ ನಾನು ಕೈಬಿಡಲಿಲ್ಲ. ಕೊನೆಯ ಎರಡು ದಿನದ ವೇಗ ಹಿಂದಿನ ವಾರದ ವೇಗಕ್ಕೆ ಸಮ ಇರಲ್ಲ. ಹಿಂದಿನ ದಿನ ತತ್ಕಾಲ್ ಸಿಕ್ಕವರು, ಬಸ್ ಮಾಡಿಕೊಂಡವರು ಹಳೆ ಟಿಕೆಟ್ ಬಿಡುತ್ತಾರೆ. ಚಾರ್ಟ್ ಹಾಕುವಾಗ ಬೇರೆ ಕೋಟಾಗಳಲ್ಲಿ ಉಳಿದ ಬರ್ತ್‌ಗಳೂ ಸಾಲಿಗೆ ಬರುತ್ತವೆ. ಹತ್ತಕ್ಕೆ ಆರು ಪಾಲು ಆಗಬಹುದು ಅಂತ ಅಂದಾಜು ಮಾಡಿ, ಬಸ್ಸಿನಲ್ಲೂ ಒಂದು ಸೀಟು ನೋಡಿಟ್ಟೆ. ಚಾರ್ಟ್ ಆದಮೇಲೂ ವೇಯ್ಟಿಂಗ್‌ನಲ್ಲೇ ಉಳಿದ ಇ-ಟಿಕೆಟ್ ತಾನಾಗೇ ರದ್ದಾಗುತ್ತೆ, ಹತ್ತಲು ಆಗಲ್ಲ.

ಇದು `GNWL` ಆದ್ದರಿಂದ ಇಷ್ಟು ಧೈರ್ಯ. ಗೆಳೆಯನ ಟಿಕೆಟ್ `PQWL` 12 ಇತ್ತು, ಅದು ನಡುವಿನ ಹಲವು ನಿಲ್ದಾಣಗಳು ಹಂಚಿಕೊಳ್ಳುವ ಕೋಟಾದ ಸಾಲು. ನಂಬರ್ ಚಿಕ್ಕದು ಅಂತ ಅವನು ನನಗಿಂತ ಖುಷಿಯಾಗಿದ್ದ. ಆದರೆ ಆ ಸಾಲಿಗೆ ಸಿಗುವ ಬರ್ತ್‌ಗಳೇ ಕೆಲವು, ಕ್ಯಾನ್ಸಲ್ ಆಗುವುದೂ ಅಪರೂಪ. ಅವನ ಸ್ಕ್ರೀನ್‌ಶಾಟ್‌ಗಳಲ್ಲಿ ಒಂದು ವಾರ 12 ಅಲುಗಾಡಲೇ ಇಲ್ಲ.

ನಮ್ಮದು ಎರಡು ದಿನ ಉಳಿದಾಗ 15, ಹಿಂದಿನ ರಾತ್ರಿ 8. ಚಾರ್ಟ್ ಬಂದಾಗ ಆರ್‌ಎಸಿ, ಸೈಡ್ ಲೋಯರ್ 23. ಬೆಳಗಾವಿವರೆಗೂ ಅರ್ಧ ಬರ್ತ್‌ನಲ್ಲಿ ಕೂತೇ ಹೋದೆ, ಇನ್ನರ್ಧದಲ್ಲಿ ಕೂತಿದ್ದ ಹಿರಿಯರು ರಾತ್ರಿಯೆಲ್ಲ ಗೊರಕೆ ಹೊಡೆದರು.